ಹೋಸ್ಟ್ ಮೂರು, ಲೈಸೆನ್ಸ್ 480: ರಾಣೇಬೆನ್ನೂರಿನ ಕ್ಲಸ್ಟರ್‌ನಲ್ಲಿ ನಾನು ಮಾಡಿದ ಲೆಕ್ಕ

ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯ ಸರ್ವರ್‌ಗಳನ್ನು ಹುಬ್ಬಳ್ಳಿಯಿಂದ ನಾನೇ ನೋಡಿಕೊಳ್ಳುತ್ತೇನೆ. ಹಳೆಯ ಮಷಿನ್‌ಗಳನ್ನು ಬದಲಾಯಿಸುವಾಗ ಅವರ ಕೈಗೆ ಎರಡು ಕೊಟೇಶನ್ ಬಂದಿದ್ದವು. ಹಾರ್ಡ್‌ವೇರ್ ಎರಡರಲ್ಲೂ ಒಂದೇ: ಮೂರು ಹೋಸ್ಟ್, ಒಂದೊಂದರಲ್ಲಿ 16 ಕೋರಿನ ಎರಡು ಪ್ರೊಸೆಸರ್, ಎಲ್ಲ ಸೇರಿ ವಿಎಂವೇರ್‌ನ ಒಂದೇ ವಿಸ್ಫಿಯರ್ ಕ್ಲಸ್ಟರ್. ಓಡಬೇಕಾದದ್ದು 10 ವಿಂಡೋಸ್ ವಿಎಂ, 8 ಲಿನಕ್ಸ್ ವಿಎಂ. ವಿಂಡೋಸ್ ಸರ್ವರ್ ಲೈಸೆನ್ಸ್‌ಗೆ ಒಬ್ಬರು 160 ಕೋರ್ ಸ್ಟ್ಯಾಂಡರ್ಡ್ ಹಾಕಿದ್ದರು, ಇನ್ನೊಬ್ಬರು 96 ಕೋರ್ ಡೇಟಾಸೆಂಟರ್. ಎರಡನೆಯದರ ಬೆಲೆ ಮೊದಲನೆಯದರ ಮೂರೂವರೆ ಪಟ್ಟು.

ಅಕೌಂಟ್ಸ್ ನೋಡುವವರು ನೇರವಾಗಿ ಕೇಳಿದರು, "ಏನ್ರೀ ಸರ್, ಮಷಿನ್ ಅವೇ ಅದಾವು, ರೇಟ್ ಯಾಕ ಇಷ್ಟು ಫರಕ್?"

ಮೊದಲು ನಿಯಮ. ವಿಂಡೋಸ್ ಸರ್ವರ್‌ನಲ್ಲಿ ಎಣಿಸುವುದು ಹೋಸ್ಟ್‌ನ ಫಿಸಿಕಲ್ ಕೋರ್‌ಗಳನ್ನು. ಒಂದು ಪ್ರೊಸೆಸರ್‌ಗೆ ಕನಿಷ್ಠ 8, ಒಂದು ಸರ್ವರ್‌ಗೆ ಕನಿಷ್ಠ 16. ಹೋಸ್ಟ್‌ನ ಎಲ್ಲಾ ಕೋರ್‌ಗೂ ಒಂದು ಸಲ ಸ್ಟ್ಯಾಂಡರ್ಡ್ ಕೊಂಡರೆ ಅದರ ಮೇಲೆ ಎರಡು ವಿಂಡೋಸ್ ವಿಎಂ ಓಡಿಸಬಹುದು. ಇನ್ನೆರಡು ಬೇಕಾದರೆ ಅಷ್ಟೂ ಕೋರ್‌ಗೆ ಮತ್ತೊಂದು ಸಲ ಕೊಳ್ಳಬೇಕು. ಡೇಟಾಸೆಂಟರ್ ಒಂದು ಸಲ ಕೊಂಡರೆ ಸಾಕು, ವಿಎಂಗೆ ಮಿತಿಯಿಲ್ಲ. 2022ರ ಆವೃತ್ತಿಗೆ ಮೈಕ್ರೋಸಾಫ್ಟ್ ಪ್ರಕಟಿಸಿದ ಬೆಲೆ 16 ಕೋರಿಗೆ ಸ್ಟ್ಯಾಂಡರ್ಡ್ 1,069 ಡಾಲರ್, ಡೇಟಾಸೆಂಟರ್ 6,155 ಡಾಲರ್. ಇಲ್ಲಿ ನಮಗೆ ರೂಪಾಯಿಯಲ್ಲಿ ಸಿಗುವ ದರ ಬೇರೆ, ಆದರೆ ಹೋಲಿಸಿ ನೋಡಲು ಇದು ಸಾಕು.

160 ಬಂದದ್ದು ಹೀಗೆ: ಎರಡು ಹೋಸ್ಟ್‌ನಲ್ಲಿ ನಾಲ್ಕು ನಾಲ್ಕು ವಿಎಂ, ಮೂರನೆಯದರಲ್ಲಿ ಎರಡು, ಅಂದರೆ 64, 64, 32. ಕೂಡಿಸಿದರೆ ಸರಿಯಾಗೇ ಇದೆ, ಅಲ್ವಾ? ಆದರೆ ವಿಎಂಗಳು ಇದ್ದ ಜಾಗ ಬಿಟ್ಟು ಅಲ್ಲಾಡದಿದ್ದರೆ ಮಾತ್ರ. ಈ ಲೈಸೆನ್ಸ್ ಸೇರಿರುವುದು ಹೋಸ್ಟ್‌ಗೆ, ವಿಎಂಗಲ್ಲ. ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಲೈಸೆನ್ಸ್ ಬದಲಾಯಿಸಿದರೆ ಮತ್ತೆ 90 ದಿನ ಅದನ್ನು ಮುಟ್ಟುವ ಹಾಗಿಲ್ಲ (ಹಾರ್ಡ್‌ವೇರ್ ಪೂರ್ತಿ ಕೆಟ್ಟು ಹೋದರೆ ಬೇರೆ ಮಾತು). ಕ್ಲಸ್ಟರ್ ಮಾಡುವುದೇ ವಿಎಂ ಓಡಾಡಲಿ ಅಂತ. ಪ್ಯಾಚ್ ಹಾಕುವಾಗ ಒಂದು ಹೋಸ್ಟ್ ಖಾಲಿ ಮಾಡುತ್ತೇವೆ, ಒಂದು ಬಿದ್ದರೆ ಎಚ್‌ಎ ಉಳಿದವುಗಳ ಮೇಲೆ ವಿಎಂಗಳನ್ನು ಎಬ್ಬಿಸುತ್ತದೆ, ಲೋಡ್ ಸಮ ಮಾಡುವ ಡಿಆರ್‌ಎಸ್ ಅಂತೂ ಯಾರನ್ನೂ ಕೇಳದೆ ರಾತ್ರಿ ಹಗಲು ವಿಎಂಗಳನ್ನು ಸಾಗಿಸುತ್ತಲೇ ಇರುತ್ತದೆ. ಹಾಗಾಗಿ ಒಂದು ಹೋಸ್ಟ್ ಮೇಲೆ ಒಂದೇ ಹೊತ್ತಿಗೆ ಜಾಸ್ತಿ ಅಂದರೆ ಎಷ್ಟು ವಿಂಡೋಸ್ ವಿಎಂ ಕೂರಬಹುದೋ ಅಷ್ಟಕ್ಕೂ ಆ ಹೋಸ್ಟ್‌ಗೆ ಮೊದಲೇ ಲೈಸೆನ್ಸ್ ಇರಬೇಕು.

ಏನೂ ಕಟ್ಟುಪಾಡಿಲ್ಲದ ಕ್ಲಸ್ಟರ್‌ನಲ್ಲಿ ಹತ್ತೂ ವಿಎಂ ಒಂದೇ ಹೋಸ್ಟ್‌ಗೆ ಬರಬಹುದು. ಹತ್ತಕ್ಕೆ ಐದು ಸುತ್ತು, 5 × 32 = 160 ಕೋರ್, ಅದೂ ಒಂದು ಹೋಸ್ಟ್‌ಗೆ. ಮೂರಕ್ಕೆ 480. ಸುಮಾರು 32,000 ಡಾಲರ್. ಇಷ್ಟು ಕೊಡುವುದಾದರೆ ಇನ್ನೊಂದಿಷ್ಟು ಸೇರಿಸಿ ಮಿತಿಯಿಲ್ಲದ ಡೇಟಾಸೆಂಟರ್ ವಾಸಿ ಅಂತ ಎರಡನೆಯವರು 96 ಕೋರ್, ಸುಮಾರು 37,000 ಡಾಲರ್ ಹಾಕಿದ್ದರು. ನಡುವೆ ಇನ್ನೊಂದು ದಾರಿ ಇದೆ. ಒಂದು ಹೋಸ್ಟ್ ಬಿದ್ದಾಗ ಉಳಿದೆರಡಕ್ಕೆ ಐದೈದು ಹಂಚಿ, ಪ್ರತಿ ಹೋಸ್ಟ್‌ಗೆ ಆರು ವಿಎಂ ಅಂತ ಹಿಡಿದರೆ 288 ಕೋರ್ ಸಾಕು. ಕಾಗದದ ಮೇಲೆ ಚೆನ್ನಾಗಿದೆ, ಆದರೆ ಏಳನೆಯ ವಿಎಂ ಅಲ್ಲಿಗೆ ಬರದ ಹಾಗೆ ಕಾಯುವವರು ಯಾರು? ನಾನು ಅದನ್ನು ಬಿಟ್ಟೆ.

ಸದ್ಯ ಏನು ನಡೆದಿದೆ ಅಂತ ನೋಡಲು ಹಳೆಯ ಸೆಟಪ್‌ನಲ್ಲಿ ಪವರ್‌ಸಿಎಲ್‌ಐನಿಂದ ಇದನ್ನು ಓಡಿಸಿದೆ:

```powershell
Get-VMHost | Select-Object Name,
  @{N='Cores';E={$_.ExtensionData.Hardware.CpuInfo.NumCpuCores}}
Get-VM |
  Where-Object { $_.ExtensionData.Config.GuestFullName -match 'Windows' } |
  Group-Object VMHost | Select-Object Name, Count
```

ಇದು ಆ ಗಳಿಗೆಯ ಚಿತ್ರ ಮಾತ್ರ. ಆಡಿಟ್ ಮಾಡುವವರು ಕೇಳುವುದು ವಿಎಂ ಹಿಂದೆ ಎಲ್ಲೆಲ್ಲಿ ಓಡಿತು ಅಂತ, ಅದಕ್ಕೆ ವಿಸೆಂಟರ್‌ನ ಇವೆಂಟ್‌ಗಳಲ್ಲಿ `DrsVmMigratedEvent` ಮತ್ತು `VmMigratedEvent` ನೋಡಬೇಕು.

ಲೋಡ್ ನೋಡಿದರೆ ಹತ್ತೂ ವಿಂಡೋಸ್ ವಿಎಂ ಸೇರಿ 40 ವಿಸಿಪಿಯು, ಅದೂ ಹೆಚ್ಚಿನ ಹೊತ್ತು ಸುಮ್ನೆ ಕೂತಿರುತ್ತವೆ. ಒಂದೇ 16 ಕೋರ್ ಹೋಸ್ಟ್ ಅಷ್ಟನ್ನೂ ಹೊರಬಲ್ಲದು. ಹಾಗಿದ್ದಾಗ 96 ಕೋರ್ ಉದ್ದಕ್ಕೂ ವಿಂಡೋಸನ್ನು ಹರಡುವುದು ಯಾಕೆ? ಎಂಟು ಲಿನಕ್ಸ್ ವಿಎಂ ಓಡುವ ಕೋರ್‌ಗಳಿಗೂ ವಿಂಡೋಸ್ ದುಡ್ಡು ಕಟ್ಟಿದ ಹಾಗೆ ಆಗುತ್ತಿತ್ತು.

ಹಾಗಾಗಿ ಮೂರು ದೊಡ್ಡ ಹೋಸ್ಟ್ ಬದಲು ನಾಲ್ಕು ಚಿಕ್ಕವು ತೆಗೆದುಕೊಂಡೆವು. ವಿಂಡೋಸ್‌ಗೆ 16 ಕೋರಿನ ಒಂದೇ ಪ್ರೊಸೆಸರ್ ಇರುವ ಎರಡು, ಲಿನಕ್ಸ್‌ಗೆ 24 ಕೋರಿನ ಒಂದೇ ಪ್ರೊಸೆಸರ್ ಇರುವ ಎರಡು, ಎರಡಕ್ಕೂ ಬೇರೆ ಬೇರೆ ಕ್ಲಸ್ಟರ್. ಹಾರ್ಡ್‌ವೇರ್ ಖರ್ಚು ಹೆಚ್ಚು ಕಡಿಮೆ ಅಷ್ಟೇ ಬಂತು. ವಿಸ್ಫಿಯರ್ ಕೂಡ ಈಗ ಕೋರ್ ಲೆಕ್ಕದಲ್ಲೇ, ಒಂದು ಪ್ರೊಸೆಸರ್‌ಗೆ ಕನಿಷ್ಠ 16 ಅಂತ ಎಣಿಸುತ್ತಾರೆ. ಅಲ್ಲೂ 96 ಇದ್ದದ್ದು 80ಕ್ಕೆ ಇಳಿಯಿತು. ಅದಕ್ಕೇ ವಿಂಡೋಸ್ ಹೋಸ್ಟ್‌ಗೆ 16ಕ್ಕಿಂತ ಕಡಿಮೆ ಕೋರಿನ ಪ್ರೊಸೆಸರ್ ಹುಡುಕಲು ಹೋಗಲಿಲ್ಲ, ಎರಡೂ ಕಡೆ 16ರ ದುಡ್ಡು ಹೇಗೂ ಕೊಡಲೇಬೇಕು.

ಈಗ ಸ್ಟ್ಯಾಂಡರ್ಡ್ ಲೆಕ್ಕ: 5 × 16 × 2 = 160 ಕೋರ್, 10,690 ಡಾಲರ್. ಮೊದಲನೆಯವರ ಅದೇ 160, ಆದರೆ ಈ ಸಲ ಒಂದು ಹೋಸ್ಟ್ ಸತ್ತರೂ ಹತ್ತೂ ವಿಎಂ ಇನ್ನೊಂದರ ಮೇಲೆ ನಿಯಮದ ಒಳಗೇ ಓಡುತ್ತವೆ. ಇನ್ನೇನು ಆರ್ಡರ್ ಹಾಕಬೇಕು ಅನ್ನುವಾಗ ಡೇಟಾಸೆಂಟರ್ ಕೂಡ ಲೆಕ್ಕ ಹಾಕಿ ನೋಡಿದೆ: ಎರಡು ಹೋಸ್ಟ್‌ಗೆ 12,310. ಬರೀ 1,620 ಡಾಲರ್ ಜಾಸ್ತಿ. ಸ್ಟ್ಯಾಂಡರ್ಡ್‌ನಲ್ಲಿ 11ನೇ ವಿಎಂ ಬಂದ ಕೂಡಲೇ ಆರನೇ ಸುತ್ತು ಕೊಳ್ಳಬೇಕು, ಆಗ ಹೋಸ್ಟ್‌ಗೆ 6,414 ಆಗಿ ಡೇಟಾಸೆಂಟರನ್ನೇ ದಾಟಿ ಹೋಗುತ್ತದೆ. ಸೀಸನ್ ಬಂದರೆ ಹೊಸ ಗೋದಾಮು, ಹೊಸ ಆ್ಯಪ್ ಅನ್ನುವ ಕಂಪನಿ ಇದು. ಡೇಟಾಸೆಂಟರನ್ನೇ ತೆಗೆದುಕೊಂಡೆವು, 96 ಕೋರಿನ ಜಾಗದಲ್ಲಿ 32ಕ್ಕೆ.

ಒಂದೊಂದು ವಿಎಂ ಲೆಕ್ಕದಲ್ಲೂ ವಿಂಡೋಸ್ ಲೈಸೆನ್ಸ್ ಕೊಳ್ಳಬಹುದು, 2022ರ ಅಕ್ಟೋಬರ್‌ನಿಂದ ಆ ಅವಕಾಶ ಇದೆ. ವಿಎಂಗೆ ಕನಿಷ್ಠ 8 ಕೋರ್, ಅಂದರೆ ನಮಗೆ 80. ಆದರೆ ಅದಕ್ಕೆ ಸಾಫ್ಟ್‌ವೇರ್ ಅಶ್ಯೂರೆನ್ಸ್ ಅಥವಾ ಸಬ್‌ಸ್ಕ್ರಿಪ್ಷನ್ ನಡೆಯುತ್ತಲೇ ಇರಬೇಕು. ಒಂದೇ ಸರ್ವರನ್ನು ವರ್ಷಾನುಗಟ್ಟಲೆ ಓಡಿಸುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದನ್ನು ಬೇಡ ಅನ್ನುವ ಹಾಗಿರಲಿಲ್ಲ. ವಿಎಂ ಲೆಕ್ಕದಲ್ಲಿ ಕೊಳ್ಳಬೇಕಾದರೆ 2022ರ ಆವೃತ್ತಿಗೆ ಅಶ್ಯೂರೆನ್ಸ್ ಅಥವಾ ಸಬ್‌ಸ್ಕ್ರಿಪ್ಷನ್ ಬೇಕೇ ಬೇಕು. ಅದು ಇದ್ದರೆ ವಿಎಂ ಎರಡು ಹೋಸ್ಟ್ ನಡುವೆ ಓಡಾಡಲು ತೊಂದರೆಯಿಲ್ಲ. ಇಲ್ಲಿ ಎಣಿಸುವುದು ವಿಸಿಪಿಯು, ಕನಿಷ್ಠ 4. ಅವರ ವಿಎಂಗೆ 8 ಕೊಟ್ಟಿದ್ದರು. ತಿಂಗಳ ಕೊನೆಯ ಸ್ಟಾಕ್ ರಿಪೋರ್ಟ್ ಓಡುವಾಗಲೂ ಅರ್ಧ ದಾಟುತ್ತಿರಲಿಲ್ಲ, 4ಕ್ಕೆ ಇಳಿಸಿದೆ. ಸ್ಟ್ಯಾಂಡರ್ಡ್‌ಗೆ ಎರಡು ಕೋರಿನ ಪ್ಯಾಕ್ 3,945 ಡಾಲರ್, ಅಂತಹ ಎರಡು ಪ್ಯಾಕ್‌ನ ದುಡ್ಡು ಉಳಿಯಿತು.

ಮೂರು ಹೋಸ್ಟ್ ಆಗಲೇ ಕೊಂಡಾಗಿದ್ದರೆ? ಡಿಆರ್‌ಎಸ್ ಇರುವ ಲೈಸೆನ್ಸ್ ಇದ್ದರೆ ವಿಂಡೋಸ್ ವಿಎಂಗಳನ್ನು ಎರಡೇ ಹೋಸ್ಟ್‌ಗೆ ಕಟ್ಟಿಹಾಕಬಹುದು. ರೂಲ್ ಮಾಡುವಾಗ `Must run on hosts in group` ಆರಿಸಿ. `Should` ಅಂತ ಇದ್ದರೆ ಎಚ್‌ಎ ಮೂರನೆಯದರ ಮೇಲೂ ಎಬ್ಬಿಸಬಹುದು. ಒರಾಕಲ್ ಡೇಟಾಬೇಸ್ ಇದ್ದರೆ ಈ ರೂಲ್ ನೆಚ್ಚಿಕೊಳ್ಳಬೇಡಿ, ತಮ್ಮ ಪಾರ್ಟಿಷನಿಂಗ್ ನೀತಿಯಲ್ಲಿ ಅವರು ಇದನ್ನು ಒಪ್ಪುವುದಿಲ್ಲ.

ನಮ್ಮ ಹಾಗೆ ಬೇರೆ ಬೇರೆ ಕ್ಲಸ್ಟರ್ ಮಾಡಿದರೂ ಒಂದರಿಂದ ಇನ್ನೊಂದಕ್ಕೆ ಯಾರಾದರೂ ಕೈಯಾರೆ ವಿಎಂ ದಾಟಿಸಿಬಿಡಬಹುದು. ಅದನ್ನು ತಡೆಯಲು ವಿಂಡೋಸ್ ಡೇಟಾಸ್ಟೋರ್ ಅದರ ಎರಡು ಹೋಸ್ಟ್‌ಗೆ ಮಾತ್ರ ಕಾಣುವ ಹಾಗೆ ಮಾಡಿ, ವಿಎಂ ಸಾಗುವ ವಿಮೋಷನ್ ವಿಎಲ್ಯಾನ್ ಕೂಡ ಬೇರೆ ಕೊಟ್ಟೆ. ಆದರೂ ಒಂದು ಕಿಂಡಿ ಉಳಿದಿತ್ತು: ಬ್ಯಾಕಪ್. ರಿಸ್ಟೋರ್ ಟೆಸ್ಟ್ ಅಂತ ಬ್ಯಾಕಪ್ ಸಾಫ್ಟ್‌ವೇರ್ ವಿಂಡೋಸ್ ವಿಎಂ ಒಂದನ್ನು ಖಾಲಿ ಇದ್ದ ಲಿನಕ್ಸ್ ಹೋಸ್ಟ್ ಮೇಲೆ ಎಬ್ಬಿಸಲು ಹೊರಟಿತ್ತು. ರಿಸ್ಟೋರ್ ಟಾರ್ಗೆಟ್ ಪಟ್ಟಿಯಿಂದ ಲಿನಕ್ಸ್ ಕ್ಲಸ್ಟರನ್ನೇ ತೆಗೆದುಹಾಕಿ, ಆ ಸರ್ವಿಸ್ ಅಕೌಂಟ್‌ಗೆ ಅಲ್ಲಿ ವಿಎಂ ಸೃಷ್ಟಿಸುವ ಅನುಮತಿಯನ್ನೂ ಕಿತ್ತೆ.