ಸಿಮೆಂಟ್ ಕಿಲ್ನ್ ಬಗ್ಗೆ ಕನ್ನಡದಾಗ ಬರದಿದ್ದು: ಮೂರನೇ ಸಲಕ್ಕ ಕೆಲಸ ಕೂಡಿತು

ನಾ ಹುಬ್ಬಳ್ಳಿಯಾಗ ಕೂತು ಟೆಕ್ನಿಕಲ್ ಅನುವಾದ ಮಾಡ್ತೀನಿ, ಪಂಪ್‌ಸೆಟ್ ಮ್ಯಾನ್ಯುಯಲ್, ಸೇಫ್ಟಿ ಬೋರ್ಡ್ ಇಂಥವು. ಬಾಗಲಕೋಟಿ ಕಡೆ ಒಂದು ಸಿಮೆಂಟ್ ಪ್ಲಾಂಟಿನವರು ಟ್ರೇನಿ ಎಂಜಿನಿಯರ್‌ಗಳಿಗೆ ಕಿಲ್ನ್, ಅಂದ್ರ ಸುಣ್ಣದಕಲ್ಲಿನ ಮಾಲು ಕಾಯಿಸೋ ಉದ್ದನ ತಿರಗೋ ಭಟ್ಟಿ, ಮತ್ತ ಗ್ರೈಂಡಿಂಗ್ ಬಗ್ಗೆ ಸುಮಾರು ಒಂಬತ್ತು ಸಾವಿರ ಪದದ ವಿವರಣೆ ಕೊಟ್ರು, ಪದಕ್ಕ 1 ರೂಪಾಯಿ 20 ಪೈಸೆ. ಹುಡುಗರು ಗದಗ, ಹಾವೇರಿ ಕಡೆ ಡಿಪ್ಲೊಮಾ ಮುಗಿಸಿದವರು. "ಎಂಜಿನಿಯರ್‌ಗೆ ಯಾಕ್ರೀ ಕನ್ನಡ, ಇಂಗ್ಲಿಷ್ ಬರ್ತದಲ್ಲ" ಅಂತ ಅಲ್ಲಿ ಒಬ್ಬ ಸೀನಿಯರ್ ನನ್ನ ಎದುರಿಗೇ ಅಂದ್ರು, ನಮ್ಮ ಅನುವಾದದ ಗೆಳೆಯರೂ ಇದು ಆಗೂ ಮಾತಲ್ಲ ಅಂದಿದ್ರು. ಈಗ ಎರಡು ಬ್ಯಾಚ್ ಅದನ್ನ ಓದ್ಯಾವು, ಅದಕ್ಕ ಬರೀತಾ ಇದೀನಿ.

ಮೊದಲನೇ ಸಲ ನಾ ಎಲ್ಲಾರೂ ಮಾಡೂ ಹಂಗ ಪದಕೋಶ ಕಟ್ಟಿದೆ. ಬರ್ನಿಂಗ್ ಝೋನ್ ಅಂದ್ರ ದಹನ ವಲಯ, ಕೋಟಿಂಗ್ ಅಂದ್ರ ಲೇಪನ, ಫ್ರೀ ಲೈಮ್ ಅಂದ್ರ ಮುಕ್ತ ಸುಣ್ಣ, ಸೆಪರೇಟರ್ ರಿಜೆಕ್ಟ್ ಅಂದ್ರ ತಿರಸ್ಕೃತ ಪದಾರ್ಥ. ಒಂದು ಪದಾನೂ ಡಿಕ್ಷನರಿ ಪ್ರಕಾರ ತಪ್ಪಲ್ಲ. ಆದ್ರ ಓದಿದ ಹುಡುಗ ಒಬ್ಬ ಕೇಳಿದ, "ಸರ್, ಈ ಲೇಪನಾ ಯಾವಾಗ ಬಳೀತಾರ್ರೀ, ಶಟ್‌ಡೌನ್ ಒಳಗೇನು?" ಬಳಿಯೋದು ಎಲ್ಲಿ ಬಂತು! ಕಿಲ್ನ್ ತಿರಗ್ತಿರಬೇಕಾದ್ರ ಅರ್ಧ ಕರಗಿದ ಮಾಲು ತಾನೇ ಒಳಮೈಯ ಇಟ್ಟಿಗೆಗೆ ಅಂಟಿ ಗಟ್ಟಿಯಾಗ್ತದ, ಅದೇ ಕೋಟಿಂಗ್, ಅದೇ ಇಟ್ಟಿಗೆ ಕಾಯೋದು. ನನ್ನ ಪದ ಆ ಹುಡುಗನ ತಲಿಯೊಳಗ ಒಬ್ಬ ಪೇಂಟರ್‌ನ ತಂದು ನಿಲ್ಲಿಸಿತ್ತು. ಪ್ಲಾಂಟಿನವರು ಅರ್ಧ ದುಡ್ಡು ತಡದ್ರು, ಎರಡನೇ ಸಲ ಎಲ್ಲಾ ಪದಾನೂ ಇಂಗ್ಲಿಷ್ ಉಚ್ಚಾರದಾಗ ಬಿಟ್ಟು ಕೊಟ್ಟೆ, ಅದೂ ನಡೀಲಿಲ್ಲ, ಯಾಕಂದ್ರ ವಾಕ್ಯ ಓದಿದ್ರ ಇಂಗ್ಲಿಷ್‌ಕಿಂತ ಕಷ್ಟ ಆಗಿತ್ತು.

ಆಮ್ಯಾಲ ನಾ ಸ್ವಂತ ಖರ್ಚಿಲೆ ಪ್ಲಾಂಟಿಗೆ ಹೋಗಿ ನಾಕು ದಿನ ನಿಂತೆ. ಬಸ್ಸು, ಲಾಡ್ಜು ಸೇರಿ ನಾಕೂವರಿ ಸಾವಿರ ಆಗಿರಬೇಕು. ಅಲ್ಲಿ ತಿಳಿದಿದ್ದು ಒಂದೇ: ಸಾಮಾನಿನ ಹೆಸರು ಅಲ್ಲಿಯವರು ಏನಂತಾರೋ ಹಂಗೇ ಇರಲಿ, ಕಿಲ್ನ್, ಸೈಕ್ಲೋನ್, ಕೂಲರ್, ಸೆಪರೇಟರ್. ಕನ್ನಡ ಮಾಡಬೇಕಾದ್ದು ಕ್ರಿಯಾಪದ. ಮಾಲಿಗೆ ಏನಾಗ್ತದ ಅನ್ನೋದನ್ನ ಹೇಳೋ ಪದ.

ಇಂಗ್ಲಿಷ್‌ನ್ಯಾಗ 'ಬರ್ನಿಂಗ್' ಅನ್ನೋ ಒಂದೇ ಪದ ಕಲ್ಲಿದ್ದಲಿಗೂ ಬರ್ತದ, ಮಾಲಿಗೂ ಬರ್ತದ. ಕಲ್ಲಿದ್ದಲು ಉರೀತದ, ಮಾಲು ಉರಿಯಂಗಿಲ್ಲ. ಮಾಲಿಗೆ ಆಗೋದು ಎರಡು ಬ್ಯಾರೆ ಬ್ಯಾರೆ ಕೆಲಸ. ಮೊದಲು, ಕಿಲ್ನಿಗೆ ಹೋಗೋಕಿಂತ ಮುಂಚೆ ಮಾಲು ಕಾಯಿಸೋ ಪ್ರೀಹೀಟರ್ ತಳಕ್ಕ ಕ್ಯಾಲ್ಸಿನರ್ ಒಳಗ ಸುಮಾರು 900 ಡಿಗ್ರಿಗೆ ಸುಣ್ಣದಕಲ್ಲಿನೊಳಗಿನ ಗ್ಯಾಸ್ ಬಿಟ್ಟುಹೋಗಿ ಸುಣ್ಣ ಉಳೀತದ, ನೂರು ಕಿಲೋ ಶುದ್ಧ ಸುಣ್ಣದಕಲ್ಲಿಗೆ 56 ಕಿಲೋ ಸುಣ್ಣ. ಇದಕ್ಕ ನಾ 'ಸುಣ್ಣ ಆಗೋದು' ಅಂತ ಬರದೆ. ಆಮ್ಯಾಲ ಕಿಲ್ನ್ ಒಳಗ 1450 ಡಿಗ್ರಿ ಹತ್ರ ಕಾಲು ಪಾಲಿನಷ್ಟು ಮಾಲು ಕರಗಿ, ಸುಣ್ಣ ಸಿಲಿಕಾ ಕೂಡಿ ಉಂಡಿ ಉಂಡಿ ಆಗಿ ಕ್ಲಿಂಕರ್ ಆಗ್ತದ. ಇದಕ್ಕ 'ಬೇಯೋದು' ಅಂದೆ. ಈ ಒಂದು ಪದ ಕೂಡಿದ್ದಕ್ಕ ಉಳಿದವು ತಾವೇ ಸಾಲಾಗಿ ಬಂದ್ವು. ಕಡಿಮಿ ಕಾವಿನ್ಯಾಗ ಬಂದಿದ್ದು ಅರೆಬೆಂದ ಕ್ಲಿಂಕರ್, ಹೆಚ್ಚಾದ್ರ ಅತಿ ಬೆಂದದ್ದು. ಲ್ಯಾಬಿನ್ಯಾಗ ಜರಡಿ ಹಿಡಿದ ಕ್ಲಿಂಕರ್ ಒಂದು ಲೀಟರ್ ಡಬ್ಬಿಗೆ ತುಂಬಿ ತೂಗ್ತಾರ, ಸಾವಿರದ ಇನ್ನೂರರ ಆಸುಪಾಸು ಗ್ರಾಂ ಬಂದ್ರ ಸರಿ, ಕೆಳಗ ಬಿದ್ರ "ಅರೆಬೆಂದದ ರೀ" ಅಂತ ಈಗ ಹುಡುಗರೇ ಅಂತಾರ. ಅದನ್ನ ಕೇಳಿದ ದಿನಾ ನನಗ ಆದ ಖುಷಿ ದುಡ್ಡಿಲೆ ಬರೂದಲ್ಲ.

ಅರೆಬೆಂದ್ರ ಕೂಡದೇ ಉಳಿದ ಸುಣ್ಣ ಹೆಚ್ಚಾಗ್ತದ. ಫ್ರೀ ಲೈಮ್‌ಗೆ ನಾ ಇಟ್ಟ ಹೆಸರು ಅದೇ, 'ಕೂಡದ ಸುಣ್ಣ', ನೂರಕ್ಕ ಒಂದು ಒಂದೂವರಿ ದಾಟಿದ್ರ ಪ್ಲಾಂಟಿನ್ಯಾಗ ಫೋನ್ ಓಡಾಡ್ತಾವ. ಇದು ಯಾಕ ಕೆಟ್ಟದು ಅಂತ ತೋರಿಸಲಿಕ್ಕೆ ಮನಿಯಾಗ ಒಂದು ಪ್ರಯೋಗ ಮಾಡಿದೆ. ಪ್ಯಾಟಿಯಿಂದ ಅರ್ಧ ಕಿಲೋ ಸುಟ್ಟ ಸುಣ್ಣದ ಹಳ್ಳು ತಂದು ಬಕೀಟಿನ್ಯಾಗ ಹಾಕಿ ನೀರು ಬಿಟ್ಟೆ, ಕೊತಕೊತ ಕುದ್ದು ಹಳ್ಳು ಒಡದು ಅರಳಿ ಎರಡು ಪಟ್ಟು ಜಾಗ ತಗೊಂತು. ನಮ್ಮಲ್ಲಿ ಸುಣ್ಣ 'ಅರಳಿಸೋದು' ಅಂತಾರಲ್ಲ, ಆ ಪದ ನನಗ ಪುಗಸಟ್ಟೆ ಸಿಕ್ತು: ಕಾಂಕ್ರೀಟ್ ಗಟ್ಟಿಯಾದ ಮ್ಯಾಲ ಒಳಗ ಕೂಡದ ಸುಣ್ಣ ಅರಳ್ತದ, ಅದಕ್ಕ ಬಿರುಕು. ಆದ್ರ ಇಷ್ಟೇ ಬರದ್ರ ಹುಡುಗರು ನೀರು ಹಾಕಿದ ಕೂಡಲೇ ಅರಳಿ ಮುಗೀತದ ಅಂತ ತಿಳಕೊಂಡ್ರು. ಹಂಗಲ್ಲ. ಪ್ಯಾಟಿ ಸುಣ್ಣ ಕಡಿಮಿ ಕಾವಿನ್ಯಾಗ ಸುಟ್ಟಿದ್ದು, ಕ್ಲಿಂಕರ್ ಒಳಗಿನ ಸುಣ್ಣ 1450ರ ಕಾವು ಕಂಡದ್ದು, ಗಟ್ಟಿ ಬಿಗಿದಿರ್ತದ, ನೀರು ಒಳಗ ಹೋಗಲಿಕ್ಕೇ ಭಾಳ ಟೈಮ್ ಬೇಕು. ತಡಾ ಆಗಿ ಅರಳೋದೇ ಅದರ ಅಪಾಯ. ಈ ಒಂದು ಪ್ಯಾರಾ ಬರೀಲಿಕ್ಕೆ ಎರಡು ದಿನ ಹೋತು.

ಕ್ಲಿಂಕರ್ ಬೀಸಿ ಸಿಮೆಂಟ್ ಮಾಡೋ ಗ್ರೈಂಡಿಂಗ್ ಭಾಗದಾಗ ಪೆಟ್ಟು ತಿಂದಿದ್ದು 'ತಿರಸ್ಕೃತ'ದಿಂದ. ಬೀಸಿದ ಪುಡಿಯೊಳಗ ನುಣ್ಣಂದು, ದಪ್ಪಂದು ಬ್ಯಾರೆ ಮಾಡೋದು ಸೆಪರೇಟರ್. ತಾಸಿಗೆ ಹೊಸಾ ಮಾಲು 100 ಟನ್, ಸೆಪರೇಟರ್ ರಿಜೆಕ್ಟ್ 150 ಟನ್ ಅಂತ ಉದಾಹರಣೆ ಇತ್ತು. ಒಬ್ಬಾಕಿ ಟ್ರೇನಿ ಲೆಕ್ಕ ಹಾಕಿ, "ನೂರು ಹಾಕಿದ್ರ ನೂರಾ ಐವತ್ತು ಹಾಳಾಗ್ತದೇನ್ರೀ ಸರ್?" ಅಂದಳು. ಆಕಿ ಕೇಳಿದ್ದು ಸರೀನೇ ಇತ್ತು, ತಿರಸ್ಕರಿಸಿದ್ದು ಅಂದ್ರ ಒಗೆಯೋದು ಅಂತಾನೇ ಅರ್ಥ. ನಾ ನಮ್ಮ ಓಣಿ ಹಿಟ್ಟಿನ ಗಿರಣಿಗೆ ಹೋಗಿ ಒಂದು ಸಂಜಿ ಕೂತೆ. ಜ್ವಾಳದ ಹಿಟ್ಟು ದಪ್ಪ ಬಂದ್ರ ಗಿರಣಿಯವ ಏನ್ಮಾಡ್ತಾನ, ವಾಪಸ್ ಮ್ಯಾಲ ಸುರೂತಾನ, ಇನ್ನೊಂದು ಸಲ ಬೀಸ್ತಾನ. ಅದೇ ಬರದೆ, 'ವಾಪಸ್ ದಪ್ಪ ಪುಡಿ'. ಹೊಸಾದು 100, ವಾಪಸ್ 150, ಮಿಲ್ಲಿನೊಳಗ ಹಾಯೋದು 250, ಸಿಮೆಂಟ್ ಆಗಿ ಹೊರಗ ಬರೋದು ಮತ್ತ ಅದೇ 100. ಸೆಪರೇಟರಿನ ರೋಟರ್ ಸ್ಪೀಡ್ ಹೆಚ್ಚು ಮಾಡಿದ್ರ ಸಿಮೆಂಟ್ ನುಣ್ಣಗ ಆಗ್ತದ, ವಾಪಸ್ ಬರೋದೂ ಹೆಚ್ಚಾಗ್ತದ, ಮಿಲ್ ತುಂಬಿ ಬಂದು ಒಳಗ ಮಾಲು ಬೀಸೋ ಉಕ್ಕಿನ ಗುಂಡುಗಳ ಸಪ್ಪಳ ಮೆತ್ತಗಾಗ್ತದ. ಆವಾಗ ಫೀಡ್ ಇಳಿಸಬೇಕು. ಈ ಸಪ್ಪಳದ ಮಾತು ಮೂಲದಾಗ ಇದ್ದಿಲ್ಲ, ಮಿಲ್ ಆಪರೇಟರ್ ಒಬ್ಬರು ಹೇಳಿದ್ದು, ನಾ ಕೇಳಿ ಸೇರಿಸಿದೆ.

ಸರಿ ಆಗೇದೋ ಇಲ್ಲೋ ಅಂತ ನೋಡೋ ನನ್ನ ಪದ್ಧತಿ ಏನಂದ್ರ, ಹುಡುಗರಿಗೆ ಒಂದು ಪ್ಯಾರಾ ಓದಿಸಿ, ಹಾಳಿ ಮುಚ್ಚಿಸಿ, ಚಿತ್ರ ತೆಗೀರಿ ಅಂತೀನಿ. ಬಾಣದ ಗುರುತು ಎತ್ತಾಗ ಹೋಗೇದ ನೋಡಿದ್ರ ಯಾವ ಪದ ತಪ್ಪು ಅಂತ ಗೊತ್ತಾಗ್ತದ. ಚಿತ್ರ ಆದ ಮ್ಯಾಲ ನಾಕು ಪ್ರಶ್ನೆ ಕೇಳ್ತೀನಿ, ಅವು ಯಾವುವು ಅಂತ ಇಲ್ಲಿ ಬರಿಯಂಗಿಲ್ಲ, ಅದು ನನ್ನ ಹೊಟ್ಟಿಪಾಡು.

ದುಡ್ಡಿನ ಮಾತು: ಒಟ್ಟು ಹನ್ನೊಂದು ಸಾವಿರದ ಹತ್ರ ಬರಬೇಕಿತ್ತು, ಖರ್ಚು ಕಳದು ಮೂರು ತಿಂಗಳಿಗೆ ಆರು ಸಾವಿರ ಉಳೀತು. ಎರಡನೇ ಕೆಲಸ, ಕೂಲರ್ ಮತ್ತ ಕಲ್ಲಿದ್ದಲು ಮಿಲ್ಲಿಂದು, ಪದಕ್ಕ ಎರಡು ರೂಪಾಯಿಗೆ ಒಪ್ಪಿಸೀನಿ, ಪ್ಲಾಂಟಿಗೆ ಹೋಗಿ ಬರೋ ಖರ್ಚು ಅವರದೇ.

ಕೋಟಿಂಗ್‌ಗೆ ಕಡೀಕ ಇಟ್ಟ ಪದ 'ಹಕ್ಕಳಿ'. ಗಾಯದ ಮ್ಯಾಲ ತಾನೇ ಕಟ್ಟೋದು, ಒಳಗಿನ ಚರ್ಮ ಕಾಯೋದು, ಅವೇಳೆಯಾಗ ಕಿತ್ತು ಬಿದ್ರ ಕೆಳಗಿನದು ಬರೀ ಮೈಯಾಗೋದು. ಕಿಲ್ನಿನ್ಯಾಗೂ ಹಕ್ಕಳಿ ಬಿದ್ದಲ್ಲಿ ಇಟ್ಟಿಗೆ ಸವೀತದ, ಹೊರಗಿನ ಉಕ್ಕಿನ ಮೈ ಬಿಸಿ ಆಗ್ತದ, ಆ ಮೈಯ ಕಾವು ನೋಡೋ ಸ್ಕ್ಯಾನರ್ ಸ್ಕ್ರೀನಿನ ಮ್ಯಾಲ ಕೆಂಪು ಪಟ್ಟಿ ಬರ್ತದ. ಆ ಸೀನಿಯರ್ ಮೊನ್ನೆ ಶಿಫ್ಟ್ ಬುಕ್ಕಿನ್ಯಾಗ ಕನ್ನಡದಾಗೇ ಬರದಿದ್ರಂತ: "22ನೇ ಮೀಟರ್ ಹತ್ರ ಹಕ್ಕಳಿ ಬಿದ್ದದ, ಫ್ಯಾನ್ ಹಚ್ಚೀವಿ." ಟ್ರೇನಿ ಒಬ್ಬ ಅದರ ಫೋಟೋ ತೆಗದು ನನಗ ಕಳಿಸ್ಯಾನ.