ಏಳು ಪದಗಳಲ್ಲಿ ಪೈ

ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕರೆ ಲೆಕ್ಕ ಬಿಡಿಸುವುದು ನನ್ನ ಹಳೆಯ ಚಟ. ಒಂದು ದಿನ ಲೈಬ್ನಿಜ್ ಸರಣಿಯನ್ನು ಹಿಡಿದು ಕುಳಿತೆ: 4 − 4/3 + 4/5 − 4/7 … ಇದರ ಮೊತ್ತ ಪೈ. ಆದರೆ ಅದರ ನಡಿಗೆ ಬಸವನ ಹುಳುವಿನದು. ಏಳು ಪದ ಕೂಡಿಸಿದಾಗ ಸಿಕ್ಕಿದ್ದು 3.283738. ಐದು ದಶಮಾಂಶ ಸರಿಯಾಗಿ ಬರಬೇಕೆಂದರೆ ಲಕ್ಷಕ್ಕೂ ಹೆಚ್ಚು ಪದ ಕೂಡಿಸಬೇಕು.

ಮೊತ್ತಗಳು ಪಂಚಮಿಯ ಜೋಕಾಲಿಯಂತೆ ಪೈನ ಆಚೆಗೊಮ್ಮೆ, ಈಚೆಗೊಮ್ಮೆ ತೂಗುತ್ತವೆ. ಕೊನೆಯ ಎರಡರ ಸರಾಸರಿ ತೆಗೆದೆ, 3.1299 ಬಂತು. ಪರವಾಗಿಲ್ಲ, ಆದರೆ ಸರಾಸರಿಯು ಪ್ರತಿ ತೂಗು ಹಿಂದಿನದಕ್ಕಿಂತ ಸಣ್ಣದಾಗುತ್ತಿರುವುದನ್ನು ಗಮನಿಸುವುದೇ ಇಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಗಣಿತಜ್ಞ ಐಟ್ಕಿನ್ 1926ರಲ್ಲಿ ಪ್ರಕಟಿಸಿದ ವಿಧಾನ.

ಮೊದಲ ಮೂರು ಮೊತ್ತಗಳು 4, 2.666667, 3.466667. ಇವುಗಳ ನಡುವಿನ ಜಿಗಿತಗಳು −1.333333 ಮತ್ತು 0.8; ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಅನುಪಾತ r = −0.6. ಮುಂದಿನ ಜಿಗಿತಗಳೂ ಇದೇ ಅನುಪಾತದಲ್ಲಿ ಕುಗ್ಗುತ್ತವೆ ಎಂದುಕೊಂಡರೆ ಉಳಿದದ್ದೆಲ್ಲ ಒಂದು ಗುಣೋತ್ತರ ಶ್ರೇಢಿ. ಅದರ ಮೊತ್ತ 0.8 × r/(1−r), ಅಂದರೆ −0.3. ಅದನ್ನು ಮೂರನೆಯ ಮೊತ್ತಕ್ಕೆ ಸೇರಿಸಿದರೆ 3.166667. ಮೂರೇ ಪದಗಳಿಂದ ಇಷ್ಟು ಹತ್ತಿರ!

ನಿಜದಲ್ಲಿ r ಸ್ಥಿರವಲ್ಲ, ಮುಂದಿನದು −0.714, ಆಮೇಲೆ −0.778. ಆದ್ದರಿಂದ ಉತ್ತರದಲ್ಲಿ ದೋಷ ಉಳಿಯುತ್ತದೆ. ಆದರೆ ಹೀಗೆ ಮೂರು ಮೂರು ಮೊತ್ತಗಳಿಂದ ಸಿಗುವ ಉತ್ತರಗಳ ಹೊಸ ಸಾಲೂ ತೂಗುತ್ತಲೇ ಇರುವುದರಿಂದ ಅದರ ಮೇಲೆಯೇ ಮತ್ತೆ ಅದೇ ಲೆಕ್ಕ ಮಾಡಬಹುದು. ಏಳು ಮೊತ್ತಗಳಿಂದ ನನಗೆ ಬಂದದ್ದು:

```
3.166667  3.133333  3.145238  3.139683  3.142713
3.142105  3.141450  3.141643
3.141599
```

ಪೈ 3.141593. ನವನಗರ ಬರುವಷ್ಟರಲ್ಲಿ ಮುಗಿದಿತ್ತು.

ಅದಕ್ಕೂ ಹಿಂದಿನ ದಿನ ಎಡವಿದ್ದೆ ಎನ್ನುವುದನ್ನೂ ಹೇಳಬೇಕು. ಸೋಮಾರಿತನದಿಂದ ಮೂರೇ ದಶಮಾಂಶ ಇಟ್ಟುಕೊಂಡಿದ್ದೆ. ಮೊದಲ ಹೊಸ ಸಾಲಿನಲ್ಲಿ ಜಿಗಿತಗಳು 0.012, −0.005, 0.003 ಎಂದಾದವು. ಹತ್ತಿರ ಹತ್ತಿರದ ಸಂಖ್ಯೆಗಳನ್ನು ಕಳೆದಾಗ ಅಂಕಿಗಳು ಉದುರಿಹೋಗಿ, −0.47 ಆಗಬೇಕಿದ್ದ ಅನುಪಾತ −0.42 ಆಯಿತು. ಕಂಪ್ಯೂಟರಿನಲ್ಲೂ ಸಾಲುಗಳನ್ನು ಬೆಳೆಸುತ್ತಲೇ ಹೋದರೆ ಇದೇ ಗತಿ: ಕೊನೆಗೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಹಂತ ಬರುತ್ತದೆ. ಒಂದು ಸಾಲಿನ ತೂಗು ಹಿಂದಿನ ಸಾಲಿನದಕ್ಕಿಂತ ಕಿರಿದಾಗದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ.

ಹುಮ್ಮಸ್ಸಿನಲ್ಲಿ 1 + 1/4 + 1/9 + … ಮೇಲೂ ಇದನ್ನು ಪ್ರಯೋಗಿಸಿದೆ. ಮೂರು ಮೊತ್ತಗಳಿಂದ 1.45 ಬಂತು, ನಿಜವಾದದ್ದು 1.6449. ಇಲ್ಲಿ ಪದಗಳೆಲ್ಲ ಧನ, ತೂಗಾಟವೇ ಇಲ್ಲ. r ಮೆಲ್ಲಗೆ 1ರತ್ತ ಸರಿಯುವುದರಿಂದ ಗುಣೋತ್ತರದ ಊಹೆಯೇ ಕುಸಿಯುತ್ತದೆ, ಎಷ್ಟು ಮುಂದೆ ಹೋದರೂ ಒಂದು ಸುತ್ತಿನಲ್ಲಿ ದೋಷ ಹೆಚ್ಚುಕಡಿಮೆ ಅರ್ಧವಷ್ಟೇ ಆಗುತ್ತದೆ.