ಎಸಿ ಹೊರಘಟಕದ ಗುಂಯ್ ಸದ್ದು ನಿಂತದ್ದು ಹೀಗೆ

ಕಂಪ್ರೆಸರ್ ಶುರುವಾದರೆ ಸಾಕು, ಮಲಗುವ ಕೋಣೆಯ ಗೋಡೆಯೇ ಗುಂಯ್ ಎನ್ನುತ್ತಿತ್ತು. ಬೋಲ್ಟ್ ಬಿಗಿ ಮಾಡಿದರೂ, ದಪ್ಪ ರಬ್ಬರ್ ಪ್ಯಾಡ್ ಹಾಕಿದರೂ ಸದ್ದು ಹೋಗಲಿಲ್ಲ.

ಘಟಕ ಹೊತ್ತ ಬ್ರಾಕೆಟ್‌ನ ಬೋಲ್ಟ್ ತಿರುಗಿಸಿ ನೋಡಿದಾಗ ಕಾರಣ ಸಿಕ್ಕಿತು. ಗೋಡೆ ಹಾಲೋ ಬ್ಲಾಕ್‌ನದು. ಆ್ಯಂಕರ್ ಬೋಲ್ಟ್ ಒಳಗಿನ ಟೊಳ್ಳಿನಲ್ಲಿ ಹಿಡಿತವಿಲ್ಲದೆ ಸುಮ್ನೆ ತಿರುಗುತ್ತಿತ್ತು. ಇಂಥ ಬೋಲ್ಟ್ ಬಿಗಿ ಮಾಡಿದಷ್ಟೂ ತೂತು ದೊಡ್ಡದಾಗುತ್ತದೆ, ಘಟಕ ಕೆಳಗೆ ಬೀಳುವ ಅಪಾಯವೂ ಜಾಸ್ತಿ.

ಮೆಕ್ಯಾನಿಕ್ ಗ್ಯಾಸ್ ಅನ್ನು ಹೊರಘಟಕಕ್ಕೆ ಎಳೆದು, ಎಂಸಿಬಿ ಆಫ್ ಮಾಡಿ, ಪೈಪ್ ಬಿಚ್ಚಿ ಘಟಕ ಇಳಿಸಿದರು. ಗೋಡೆಗೆ ಆರಪಾರ 12 ಎಂಎಂ ತೂತು ಕೊರೆದು, 10 ಎಂಎಂ ಥ್ರೆಡ್ ರಾಡ್ ತೂರಿಸಿದೆವು. ಕೋಣೆಯ ಒಳಗಡೆ ಅಂಗೈಯಗಲದ ಕಬ್ಬಿಣದ ಪ್ಲೇಟ್ ಕೊಟ್ಟು ನಟ್ ಹಾಕಿದೆವು. ರಾಡ್‌ನ ಎಳೆತ ಈಗ ಒಂದೇ ಕಡೆ ಬೀಳದೆ ಪ್ಲೇಟ್‌ನಷ್ಟು ಅಗಲಕ್ಕೆ ಹಂಚಿಹೋಗುತ್ತದೆ. ರಸಮಟ್ಟ ಇಟ್ಟು ನೋಡಿ, ಎರಡೂ ಬ್ರಾಕೆಟ್ ಒಂದೇ ಮಟ್ಟಕ್ಕೆ ತಂದೆವು.

ಪ್ಯಾಡ್ ಘಟಕದ ಕಾಲಿನ ಕೆಳಗಿದ್ದರಷ್ಟೇ ಸಾಲದು. ಬೋಲ್ಟ್ ತಲೆ ಕಾಲಿನ ತಗಡನ್ನು ನೇರ ಮುಟ್ಟಿದರೆ ಕಂಪನ ಅದರ ಮೂಲಕವೇ ಗೋಡೆಗೆ ಇಳಿಯುತ್ತದೆ. ಅದಕ್ಕೆ ಮೇಲೂ ರಬ್ಬರ್ ವಾಷರ್, ಅದರ ಮೇಲೆ ಅಗಲ ಸ್ಟೀಲ್ ವಾಷರ್ ಹಾಕಿದೆವು. ಕಾಲಿನ ತೂತಿನೊಳಗೂ ರಬ್ಬರ್ ಬುಷ್ ಇರಬೇಕು. ಪ್ಯಾಡ್ ಸ್ವಲ್ಪ ಉಬ್ಬಿದ ಕೂಡಲೇ ಬಿಗಿಯುವುದು ನಿಲ್ಲಿಸಿ, ನೈಲಾನ್ ಲಾಕ್ ನಟ್ ಹಾಕಿದೆವು. ರಬ್ಬರ್ ಪೂರ್ತಿ ಜಜ್ಜಿಹೋದರೆ ಅದು ಕಂಪನ ತಡೆಯುವುದಿಲ್ಲ.